ಅರ್ಧ ಎತ್ತರದ ಗೆರೆ

sin x > 1/2 ಎಂಬ ಅಸಮತೆ ಕಣ್ಣಿಗೆ ಬಿದ್ದರೆ ಇವತ್ತಿಗೂ ನನ್ನ ಕೈ ತಾನಾಗಿ ಕೈವಾರದತ್ತ ಹೋಗುತ್ತದೆ. ಅಕ್ಷಗಳು ಕೂಡುವಲ್ಲಿ ಮೊನೆ ಊರಿ, ಒಂದು ಮಾನ ತ್ರಿಜ್ಯದ ದುಂಡನೆಯ ವೃತ್ತ ಎಳೆಯುತ್ತೇನೆ. ಅದರ ಬಲತುದಿಯಿಂದ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ x ಕೋನದಷ್ಟು ತಿರುಗಿ ನಿಂತರೆ, ನಿಂತ ಬಿಂದುವಿನ ಎತ್ತರವೇ sin x. ಕೇಳಿದ್ದು ಇಷ್ಟೇ: ಎಲ್ಲೆಲ್ಲಿ ನಿಂತರೆ ಎತ್ತರ ಅರ್ಧವನ್ನು ಮೀರುತ್ತದೆ?

ಅರ್ಧ ಎತ್ತರದಲ್ಲಿ ಒಂದು ತೆಳುವಾದ ಅಡ್ಡಗೆರೆ ಎಳೆಯಿರಿ. ಅದು ವೃತ್ತವನ್ನು ಎರಡು ಕಡೆ ಮುಟ್ಟುತ್ತದೆ. ಬಲಗಡೆಯ ಬಿಂದುವನ್ನು ಅಡ್ಡ ಅಕ್ಷದ ಕೆಳಗೆ ಪ್ರತಿಬಿಂಬಿಸಿ, ಎರಡನ್ನೂ ಕೇಂದ್ರಕ್ಕೆ ಸೇರಿಸಿದರೆ ಮೂರೂ ಬಾಹು ಒಂದೊಂದು ಮಾನವಿರುವ ಮುದ್ದಾದ ಸಮಬಾಹು ತ್ರಿಭುಜ. ಕೇಂದ್ರದಲ್ಲಿ 60°, ಅಕ್ಷದ ಮೇಲೆ ಅದರ ಅರ್ಧ, 30°. ಎಡಗಡೆಯದು ಅದರ ಕನ್ನಡಿ, 150°.

ಈಗ ಸ್ವಲ್ಪ ನಿಂತು ನೋಡಿ. ಗೆರೆಯ ಮೇಲೆ ಉಳಿದ ಕಂಸ, ಹೆದೆ ಏರಿಸಿದ ಬಿಲ್ಲು! sinಗೆ ನಮ್ಮಲ್ಲಿದ್ದ ಹೆಸರು ಜ್ಯಾ, ಜ್ಯಾ ಎಂದರೆ ಹೆದೆಯೇ ತಾನೆ. ಆರ್ಯಭಟ ಪಟ್ಟಿಮಾಡಿದ ಜ್ಯಾ-ವ್ಯತ್ಯಾಸಗಳಲ್ಲಿ ಮೊದಲ ಎಂಟನ್ನು ಕೂಡಿದರೆ 30°ಗೆ 1719 ಬರುತ್ತದೆ. ಅವನ ತ್ರಿಜ್ಯ 3438ರ ಸರಿಯಾದ ಅರ್ಧ. ಆ ಲೆಕ್ಕ ಮಾಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬಿಲ್ಲೇ ಉತ್ತರ: π/6 < x < 5π/6. ಹೆದೆ ಕಟ್ಟಿದ ಎರಡು ತುದಿಗಳಲ್ಲಿ ಎತ್ತರ ಸರಿಯಾಗಿ ಅರ್ಧ, ಅದಕ್ಕಿಂತ ಹೆಚ್ಚಲ್ಲ. ಅಲ್ಲಿ ಖಾಲಿ ಚುಕ್ಕಿ ಇಡುತ್ತೇನೆ. ಪೂರ್ತಿ ಸುತ್ತು ಬಂದರೆ ಅದೇ ಬಿಂದು, ಅದೇ ಎತ್ತರ. ಹಾಗಾಗಿ ಎರಡೂ ತುದಿಗೆ 2πn ಸೇರಿಸಬೇಕು, n ಯಾವುದೇ ಪೂರ್ಣಾಂಕ. ವೃತ್ತ ಬರೆಯದೆ ಅವಸರಪಟ್ಟವರು x > π/6 ಎಂದಷ್ಟೇ ಬರೆದುಬಿಡುತ್ತಾರೆ. x = π ಇಟ್ಟು ನೋಡಲಿ: ಎತ್ತರ ಸೊನ್ನೆ!

ನನಗೆ ಇನ್ನೂ ರುಚಿ ಅನಿಸುವುದು ಇದರ ತಿರುವುಮುರುವು, sin x < 1/2. ಉತ್ತರ ಈಗ ಗೆರೆಯ ಕೆಳಗಿನ ವಿಶಾಲವಾದ ಕಂಸ. ವೃತ್ತದ ಮೇಲೆ ಬರೆದಿರುವ ಕೋನಗಳನ್ನೇ ನೋಡಿ 5π/6 < x < π/6 ಎಂದು ಬರೆದರೆ ಕೆಟ್ಟಿತು. ದೊಡ್ಡದಕ್ಕಿಂತ ಹೆಚ್ಚಾಗಿಯೂ ಚಿಕ್ಕದಕ್ಕಿಂತ ಕಡಿಮೆಯಾಗಿಯೂ ಇರುವ ಸಂಖ್ಯೆ ಎಲ್ಲಿಂದ ತರುವುದು? ಬೆರಳನ್ನು 150°ಯ ಮೇಲಿಟ್ಟು ನಿಧಾನವಾಗಿ ಜಾರಿಸಿ. ಎಡತುದಿ ದಾಟಿ, ತಳ ಮುಟ್ಟಿ, ಮತ್ತೆ ಮೇಲೇರಿ, ಹೊರಟಿದ್ದ ಬಲತುದಿಗೆ ಬಂದಾಗ ಎಣಿಕೆ 360°. ಅಲ್ಲಿ ಸೊನ್ನೆಗೆ ಮರಳಬೇಡಿ. ಇನ್ನೂ 30° ಸಾಗಿ ಗೆರೆ ಮುಟ್ಟಿದಾಗ ಬೆರಳ ತುದಿಯಲ್ಲಿರುವುದು 390°, ಅಂದರೆ 13π/6. ಉತ್ತರ 5π/6 < x < 13π/6, ಇಲ್ಲೂ ಎರಡೂ ತುದಿಗೆ 2πn ಸೇರಿಸಿ.