ತೊಂಬತ್ತಮೂರೂವರೆ ಯಾವ ಕಾಲದ ಲೆಕ್ಕ?

ಹೋದ ವರ್ಷ ಶಿಕಾರಿಪುರದಲ್ಲಿ ಪದವಿ ವಿದ್ಯಾರ್ಥಿನಿಯೊಬ್ಬಳ ಪ್ರಾಜೆಕ್ಟ್ ವರದಿ ನನ್ನ ಕೈಗೆ ಬಂತು. ವಿಷಯ ಮಂಗನ ಕಾಯಿಲೆ. ಹುಡುಗಿಯ ಊರು ಸೊರಬದ ಕಡೆ, ಹಾಗಾಗಿ ವಿಷಯ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ನನ್ನ ಕಣ್ಣು ನಿಂತದ್ದು ಕೊನೆಯ ಪುಟದ ಆಧಾರಗಳ ಪಟ್ಟಿಯ ಮೇಲೆ. ಪ್ರತಿ ಪೇಪರಿನ ಪಕ್ಕ ಪೆನ್ಸಿಲಿನಲ್ಲಿ ಎರಡು ಅಂಕಿ ಬರೆದಿದ್ದಳು. ಒಂದು ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್, ಇನ್ನೊಂದು ಆ ಪೇಪರನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ. ಅಂಕಿ ದೊಡ್ಡದಿದ್ದಲ್ಲಿ ಟಿಕ್ ಮಾರ್ಕು, ಸಣ್ಣದಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ. 1957ರ ಒಂದು ಪುಟ್ಟ ವರದಿಯ ಮೇಲೆ ಮಾತ್ರ ಗೀಟು ಎಳೆದು, ‘ಐ.ಎಫ್. ಇಲ್ಲ’ ಎಂದು ಬರೆದಿದ್ದಳು.

ಗೀಟು ಬಿದ್ದ ಆ ವರದಿ ಬರೆದವರು ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನ ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರ್ಯಾಪಿಡೊ. ಆ ವರ್ಷ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದ್ದರು. ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಭಯದಿಂದಲೇ ತನಿಖೆ ಶುರುವಾಯಿತು. ಸಿಕ್ಕಿದ್ದು ಉಣ್ಣಿಯಿಂದ ಹರಡುವ ಹೊಸ ವೈರಸ್. ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ ಅದರ ಪ್ರಾಥಮಿಕ ವರದಿ ಬಂತು, ಕಾಯಿಲೆಗೆ ಕ್ಯಾಸನೂರಿನ ಹೆಸರೇ ನಿಂತಿತು. ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಯೂಜಿನ್ ಗಾರ್ಫೀಲ್ಡ್ ಉಲ್ಲೇಖಗಳ ಸೂಚಿ ಮಾಡುವ ಆಲೋಚನೆಯನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟದ್ದು 1955ರಲ್ಲಿ. ಜರ್ನಲ್‌ಗಳ ಅಂಕಪಟ್ಟಿ ಪ್ರತಿವರ್ಷ ಹೊರಬರತೊಡಗಿದ್ದು 1975ರಿಂದ. ಅಳತೆಗೋಲು ಹುಟ್ಟುವ ಮೊದಲೇ ಹುಟ್ಟಿದ ಪೇಪರನ್ನು ಆ ಕೋಲು ಹಿಡಿದು ಅಳೆಯಲು ಹೋಗಿದ್ದಳು ಹುಡುಗಿ.

ತಪ್ಪು ಅವಳದ್ದಲ್ಲ. ಮೇಷ್ಟ್ರುಗಳನ್ನೇ ನಾವು ಹೀಗೆ ತೂಗುತ್ತೇವೆ. 2018ರ ಯುಜಿಸಿ ನಿಯಮದಲ್ಲಿ, ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲದ ಜರ್ನಲ್‌ನಲ್ಲಿ ಬರೆದರೆ ಹೆಚ್ಚುವರಿ 5 ಅಂಕ, ಒಂದಕ್ಕಿಂತ ಕಡಿಮೆಯಿದ್ದರೆ 10, ಹತ್ತು ದಾಟಿದರೆ 30. ಪೇಪರಿನೊಳಗೆ ಏನಿದೆ ಎಂದು ನೋಡುವ ಗೊಡವೆಯೇ ಇಲ್ಲದೆ ಅಂಕ ಬೀಳುತ್ತದೆ. ಈ ಹಸಿವು ನೋಡಿಯೇ ಬೇರೆ ಬೇರೆ ಹೆಸರಿನ ಇಂಪ್ಯಾಕ್ಟ್ ಫ್ಯಾಕ್ಟರ್‌ಗಳನ್ನು ದುಡ್ಡಿಗೆ ಕೊಡುವ ಅಂಗಡಿಗಳೂ ತೆರೆದಿವೆ. ಅಸಲಿ ಅಂಕಿ ಇರುವುದು ಕ್ಲಾರಿವೇಟ್ ಸಂಸ್ಥೆಯ ವಾರ್ಷಿಕ ಪಟ್ಟಿಯಲ್ಲಿ ಮಾತ್ರ. ಜರ್ನಲ್‌ನ ಮುಖಪುಟದಲ್ಲಿ ಅಂಕಿ ಹೊಳೆಯುತ್ತಿದ್ದು ಈ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲದಿದ್ದರೆ, ಅಲ್ಲಿಗೆ ಬಿಟ್ಟುಬಿಡಬಹುದು.

ಅಸಲಿ ಅಂಕಿಯ ಲೆಕ್ಕ ಹೇಗೆಂದರೆ, ಒಂದು ಜರ್ನಲ್ ಹಿಂದಿನ ಎರಡು ವರ್ಷ ಪ್ರಕಟಿಸಿದ ಬರಹಗಳನ್ನು ಈ ವರ್ಷ ಜಗತ್ತು ಎಷ್ಟು ಸಲ ಉಲ್ಲೇಖಿಸಿತು ಎಂದು ಎಣಿಸಿ, ಆ ಎರಡು ವರ್ಷದ ಪೇಪರುಗಳ ಸಂಖ್ಯೆಯಿಂದ ಭಾಗಿಸುವುದು. ಸರಾಸರಿ ಎಂದಾಕ್ಷಣ ನಮ್ಮ ಮನಸ್ಸು ಎಲ್ಲವೂ ಹೆಚ್ಚುಕಮ್ಮಿ ಅದರ ಆಸುಪಾಸಿನಲ್ಲೇ ಇರುತ್ತವೆ ಎಂದುಕೊಳ್ಳುತ್ತದೆ. ಹತ್ತು ಪೇಪರುಗಳ ಒಂದು ಜರ್ನಲ್ ಊಹಿಸಿಕೊಳ್ಳಿ. ಒಂದಕ್ಕೆ 41 ಉಲ್ಲೇಖ, ಎರಡಕ್ಕೆ ತಲಾ 3, ಒಂದಕ್ಕೆ 2, ಇನ್ನೊಂದಕ್ಕೆ 1, ಉಳಿದ ಐದಕ್ಕೆ ಸೊನ್ನೆ. ಒಟ್ಟು 50, ಸರಾಸರಿ 5. ಹತ್ತರಲ್ಲಿ ಒಂಬತ್ತು ಪೇಪರುಗಳು ಆ ಐದರ ಹತ್ತಿರಕ್ಕೂ ಸುಳಿದಿಲ್ಲ, ಆದರೂ ಹತ್ತೂ ‘ಐದರ ಜರ್ನಲ್’ನಲ್ಲಿ ಬಂದವೇ. ಇದು ನಾನು ಕಟ್ಟಿದ ಲೆಕ್ಕ, ಆದರೆ ನಡೆದದ್ದು ಇದಕ್ಕಿಂತ ವಿಚಿತ್ರ. ಹರಳುಗಳ ರಚನೆಯ ಬಗೆಗಿನ ‘ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ’ ಜರ್ನಲ್‌ನ ಅಂಕಿ 2008ರಲ್ಲಿ ಎರಡರ ಸುಮಾರಿಗಿದ್ದದ್ದು ಮರುವರ್ಷ ಐವತ್ತರ ಹತ್ತಿರಕ್ಕೆ ಜಿಗಿಯಿತು. ಕಾರಣ ಒಂದೇ ಪೇಪರು. ಎಲ್ಲರೂ ಬಳಸುವ ಕಂಪ್ಯೂಟರ್ ಪ್ರೋಗ್ರಾಂ ಒಂದರ ಬಗ್ಗೆ ಜಾರ್ಜ್ ಶೆಲ್ಡ್ರಿಕ್ ಬರೆದದ್ದು. ಆ ವರ್ಷ ಅದೇ ಜರ್ನಲ್‌ನಲ್ಲಿ ಬರೆದ ಉಳಿದವರೆಲ್ಲ, ಮದುವೆ ದಿಬ್ಬಣದಲ್ಲಿ ಮದುಮಗನ ಪಕ್ಕ ನಿಂತವರಂತೆ, ಫೋಟೋದಲ್ಲಿ ಬಿದ್ದರು.

ಎರಡು ವರ್ಷದ ಕಿಟಕಿಯಂತೂ ಮಂಗನ ಕಾಯಿಲೆಯಂಥ ವಿಷಯಕ್ಕೆ ಹೇಳಿಸಿದ್ದೇ ಅಲ್ಲ. ಕಾಡಂಚು ಕಡಿದು ಗದ್ದೆ ಮಾಡಿ, ದನ ಮೇಯಿಸಿದಲ್ಲಿ ಉಣ್ಣಿ ಹೇಗೆ ಹೆಚ್ಚಿತು ಎಂದು ಹೋರ್ಹೆ ಬೊಶೆಲ್ ಬರೆದದ್ದು 1969ರಲ್ಲಿ. ಈ ಕಾಯಿಲೆಯ ಬಗ್ಗೆ ಬರೆಯುವವರು ಇವತ್ತಿಗೂ ಅದನ್ನು ತೆರೆಯುತ್ತಾರೆ. ಆದರೆ 1971 ದಾಟಿದ ಮೇಲೆ ಅದಕ್ಕೆ ಬಿದ್ದ ಒಂದು ಉಲ್ಲೇಖವೂ ಈ ಸೂತ್ರದ ಒಳಗೆ ಬರುವುದಿಲ್ಲ. ಅದೂ ಅಲ್ಲದೆ, ಪಶ್ಚಿಮ ಘಟ್ಟದ ಉದ್ದಕ್ಕೆ ಹರಡಿರುವ ಕಾಯಿಲೆಯ ಮೇಲೆ ಕೆಲಸ ಮಾಡುವವರೇ ಎಷ್ಟು ಜನ? ಕ್ಯಾನ್ಸರಿನ ಅಂಕಿಅಂಶ ಪ್ರಕಟಿಸುವ ಅಮೆರಿಕದ ಒಂದು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಇನ್ನೂರು ದಾಟುತ್ತದೆ, ಕ್ಯಾನ್ಸರಿನ ಪೇಪರು ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ಅದನ್ನು ಹೆಸರಿಸುವುದರಿಂದ. ಉಣ್ಣಿಯ ಪೇಪರಿಗೆ ಆ ಭಾಗ್ಯ ಬರಬೇಕೆಂದರೆ ಕಾಯಿಲೆ ಜಗತ್ತಿಗೆಲ್ಲ ಹಬ್ಬಬೇಕು. ಅದು ಬೇಡ.

ಈಗ ಟಿಕ್ ಮಾರ್ಕು ಬಿದ್ದಲ್ಲಿಗೆ ಬರೋಣ. ಲಸಿಕೆಯ ಅಧ್ಯಾಯದಲ್ಲಿ ಹುಡುಗಿ ಬರೆದಿದ್ದಳು: ಒಂದು ಡೋಸ್‌ನಿಂದ ಶೇ. 79.3 ರಕ್ಷಣೆ, ಎರಡು ಡೋಸ್‌ನಿಂದ ಶೇ. 93.5. ಆಧಾರ, 1994ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ನಲ್ಲಿ ಬಂದ, ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಕ್ಷೇತ್ರ ಅಧ್ಯಯನ. ಒಳ್ಳೆಯ ಕೆಲಸ. ಲಸಿಕೆಯ ಮಾತು ಬಂದಲ್ಲೆಲ್ಲ ಅದರ ಉಲ್ಲೇಖ ಇದ್ದೇ ಇರುತ್ತದೆ, ಹಾಗಾಗಿ ಎಣಿಕೆಯೂ ಚೆನ್ನಾಗಿಯೇ ಇದೆ. ಅದರ ಎದುರು 2013ರಲ್ಲಿ ‘ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್’ನಲ್ಲಿ ಬಂದ ಇನ್ನೊಂದು ಪೇಪರಿದೆ. 2005ರಿಂದ 2010ರ ತನಕ ನಮ್ಮ ಜಿಲ್ಲೆಯಲ್ಲಿ ಆದ ಕಾಯಿಲೆಯ ದಾಖಲೆ ಹಿಡಿದು, ಲಸಿಕೆ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡಿದ್ದು. ಅದರಲ್ಲಿ ಎರಡು ಡೋಸ್‌ನ ರಕ್ಷಣೆ ಶೇ. 62.4. ಆಮೇಲೆ ಬೂಸ್ಟರ್ ಹಾಕಿಸಿಕೊಂಡವರಲ್ಲಿ 82.9. ಒಂದೇ ಡೋಸ್ ಹಾಕಿಸಿಕೊಂಡವರಿಗೂ ಏನೂ ಹಾಕಿಸಿಕೊಳ್ಳದವರಿಗೂ ಕಾಯಿಲೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಒಂದೇ, ಅನುಪಾತ 1.06.

79 ಎಂದಿದ್ದಲ್ಲಿ ಸೊನ್ನೆ. ಈ ವ್ಯತ್ಯಾಸವನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಹೇಳುವುದಿಲ್ಲ, ಉಲ್ಲೇಖಗಳ ಎಣಿಕೆಯೂ ಹೇಳುವುದಿಲ್ಲ. ಹೇಳುವುದು ಪೇಪರಿನ ಒಳಗಿರುವ ಕೋಷ್ಟಕ. ಅದನ್ನು ಓದುವಾಗಲೂ ಕಾಲು ಜಾರುವ ಜಾಗಗಳಿವೆ. 2013ರ ಪೇಪರಿನಲ್ಲಿ ಪ್ರಯೋಗಾಲಯದಲ್ಲಿ ಖಚಿತವಾದ 168 ರೋಗಿಗಳ ಪೈಕಿ 134 ಮಂದಿ ಲಸಿಕೆ ಪಡೆಯದವರು, ಅಂದರೆ ಶೇ. 80. ‘ನೋಡಿ, ಲಸಿಕೆ ಪಡೆಯದವರಿಗೇ ಕಾಯಿಲೆ’ ಎನ್ನಲು ನಾಲಿಗೆ ತುದಿಗೆ ಬರುತ್ತದೆ. ಆದರೆ ಊರಿನಲ್ಲಿ ನೂರಕ್ಕೆ ಎಂಬತ್ತು ಮಂದಿ ಲಸಿಕೆ ಪಡೆಯದೇ ಇದ್ದರೆ, ಲಸಿಕೆ ಬರೀ ನೀರಾಗಿದ್ದರೂ ರೋಗಿಗಳಲ್ಲಿ ಎಂಬತ್ತು ಮಂದಿ ಅವರೇ ಇರುತ್ತಾರೆ. ಎರಡೂ ಗುಂಪಿನಲ್ಲಿ ಒಟ್ಟು ಎಷ್ಟು ಜನ ಎಂಬ ಲೆಕ್ಕ ಸಿಗದ ಹೊರತು ಆ ಶೇ. 80ಕ್ಕೆ ಅರ್ಥವಿಲ್ಲ. ಲೇಖಕರು ಆ ಲೆಕ್ಕ ಕೊಟ್ಟಿದ್ದಾರೆ, ಅದಕ್ಕೇ ಅವರ ಮಾತಿಗೆ ತೂಕ.

62.4ನ್ನೂ ಕಲ್ಲಿನ ಮೇಲಿನ ಗೆರೆ ಎಂದುಕೊಳ್ಳಬೇಕಿಲ್ಲ. ಅದರ ಪಕ್ಕದಲ್ಲೇ 26.1ರಿಂದ 80.8 ಎಂಬ ಅಂತರ ಕೊಟ್ಟಿದ್ದಾರೆ. ಎರಡು ಡೋಸ್ ಪಡೆದೂ ಕಾಯಿಲೆ ಬಿದ್ದವರು 13 ಜನ ಮಾತ್ರ. ಅಷ್ಟು ಕಡಿಮೆ ಜನರ ಮೇಲೆ ನಿಂತ ಅಂಕಿ ಅಷ್ಟೇ ಅಗಲವಾಗಿ ತೂಗಾಡುತ್ತದೆ. ಜೊತೆಗೆ ಇದು ಚೀಟಿ ಎತ್ತಿ ಇವರಿಗೆ ಲಸಿಕೆ, ಅವರಿಗೆ ಇಲ್ಲ ಎಂದು ಹಂಚಿದ ಪ್ರಯೋಗವಲ್ಲ. ಲಸಿಕೆಗೆ ಬಂದವರು ಬಂದರು, ಬಾರದವರು ಬಿಟ್ಟರು. ದಿನಾ ಸೌದೆಗೆ, ದರಗಿಗೆ ಕಾಡಿಗೆ ಹೋಗುವವರೇ ಹೆದರಿ ಹೆಚ್ಚು ಹಾಕಿಸಿಕೊಂಡಿದ್ದರೆ ಲಸಿಕೆ ಇರುವುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ, ಅವರೇ ಕೆಲಸ ಬಿಟ್ಟು ಬರಲಾಗದೆ ತಪ್ಪಿಸಿಕೊಂಡಿದ್ದರೆ ಇರುವುದಕ್ಕಿಂತ ಚುರುಕಾಗಿ ಕಾಣುತ್ತದೆ. ಎರಡು ಪೇಪರುಗಳ ನಡುವಿನ ವರ್ಷಗಳೂ ಕಡಿಮೆಯಲ್ಲ. 1994ರದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ತೊಂಬತ್ತಮೂರೂವರೆ ಅದರ ಕಾಲದ ಲೆಕ್ಕ, ಇವತ್ತಿನ ವರದಿಗೆ ಎತ್ತಿಡುವಾಗ ಇಸವಿಯನ್ನೂ ಜೊತೆಗೆ ಎತ್ತಿಡಬೇಕಿತ್ತು.

ಉಲ್ಲೇಖ ಎಂದರೆ ಒಪ್ಪಿಗೆ ಎಂದು ನಂಬುವುದು ಈ ವ್ಯವಹಾರದ ಇನ್ನೊಂದು ಗುಂಡಿ. ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ಆಂಡ್ರ್ಯೂ ವೇಕ್‌ಫೀಲ್ಡರ 1998ರ ಪೇಪರು ಬಂದದ್ದು ‘ಲ್ಯಾನ್ಸೆಟ್’ನಲ್ಲಿ, ಅದಕ್ಕಿಂತ ದೊಡ್ಡ ಹೆಸರು ವೈದ್ಯಲೋಕದಲ್ಲಿ ವಿರಳ. ಹನ್ನೆರಡು ಮಕ್ಕಳ ಮೇಲೆ ನಿಂತ ಆ ಪೇಪರನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಅದನ್ನು ಬೈದು ಬರೆದವರೆಲ್ಲ ಅದರ ಎಣಿಕೆಗೆ ಒಂದೊಂದು ಸೇರಿಸಿದರು.

ಶಿಕಾರಿಪುರದ ಇತಿಹಾಸ ಓದುವವರಿಗಂತೂ ಈ ಅಂಕಿಗಳು ಬಾಗಿಲನ್ನೇ ತೆರೆಯುವುದಿಲ್ಲ. ತಾಳಗುಂದದ ಕದಂಬರ ಸ್ತಂಭಶಾಸನ ಇರುವುದು ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 1902ರ ಏಳನೆಯ ಸಂಪುಟದಲ್ಲಿ, ಕೀಲ್‌ಹಾರ್ನರ ಪಾಠ ‘ಎಪಿಗ್ರಾಫಿಯಾ ಇಂಡಿಕಾ’ದ ಎಂಟನೆಯದರಲ್ಲಿ. ಬಳ್ಳಿಗಾವಿಯ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳ ಹೆಚ್ಚಿನ ಪಾಲು ಯಾವ ಸೂಚಿಯ ಕಣ್ಣಿಗೂ ಬಿದ್ದಿಲ್ಲ. ಸೂಚಿಯಲ್ಲಿ ಸೊನ್ನೆ ಎಂದರೆ ಯಾರೂ ಓದಿಲ್ಲ ಎಂದಲ್ಲ, ಎಣಿಸುವವರು ಈ ಕಡೆ ಬಂದಿಲ್ಲ ಎಂದಷ್ಟೇ.

ಹಾಗೆಂದು ಉಲ್ಲೇಖದ ಲೆಕ್ಕವನ್ನು ಪೂರಾ ಎಸೆಯಬೇಕೆಂದು ನನಗನಿಸುವುದಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ಪೇಪರಿನ ಕೆಳಗೆ Cited by ಎಂದು ಒಂದು ಅಂಕಿ ಇರುತ್ತದಲ್ಲ, ಅದನ್ನು ಓದಿ ಬಿಟ್ಟರೆ ವ್ಯರ್ಥ, ಒತ್ತಿದರೆ ಉಪಯೋಗ. ಒತ್ತಿದಾಗ ಆ ಪೇಪರನ್ನು ನಂತರ ಯಾರು ಯಾರು ಎತ್ತಿಕೊಂಡರು ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದವರನ್ನು, ಹೊಸ ದಾಖಲೆ ತಂದವರನ್ನು ಹುಡುಕಬೇಕು. 1994ರಿಂದ 2013ಕ್ಕೆ ಹೋಗುವ ದಾರಿ ಅದೇ. ಹುಡುಗಿಯನ್ನು ಕೂರಿಸಿಕೊಂಡು ಅದನ್ನೇ ಮಾಡಿದೆವು. 1957ರ ವರದಿಯ ಮೇಲಿನ ಗೀಟನ್ನು ಅವಳೇ ಅಳಿಸಿದಳು. ಈ ಲಸಿಕೆ ಹಾಕುವುದನ್ನು 2022ರಲ್ಲಿ ನಿಲ್ಲಿಸಿದ್ದು ಅವಳಿಗೆ ಗೊತ್ತಿತ್ತು, ಏಕೆ ಎಂದು ಮಾತ್ರ ವರದಿಯಲ್ಲಿ ಬರೆದಿರಲಿಲ್ಲ.

ಒಂದು ಡೋಸ್‌ನ ಸಾಲಿಗೆ ಬಂದಾಗ ಅವಳ ಪೆನ್ಸಿಲು ನಿಂತಿತು. 1.06 ಎಂಬುದನ್ನು ಎರಡು ಸಲ ಓದಿದಳು. “ಸರ್, ನಮ್ಮಜ್ಜಿ ಒಂದೇ ಸಲ ಹಾಕಿಸ್ಕೊಂಡಿದ್ದು. ಕೈ ಊದ್ತು ಅಂತ ಮತ್ತೆ ಹೋಗ್ಲೇ ಇಲ್ಲ. ಆಮೇಲೂ ನಾಲ್ಕು ವರ್ಷ ದರಗಿಗೆ ಹೋಗ್ತಿದ್ರು” ಎಂದಳು.