ವಾಕ್ಯಕ್ಕೊಂದು ವಿಳಾಸ

ನಮ್ಮ ಬರಹಗಳಲ್ಲಿ ಪ್ರವಾದಿಯವರ ಹೆಸರಿನ ಮುಂದೆ ಕಂಸದೊಳಗೆ 'ಸ' ಎಂದಿದ್ದರೆ ಅದೇನೆಂದು ಮುಸ್ಲಿಂ ಓದುಗರಿಗೆ ಯಾರೂ ಹೇಳಬೇಕಾಗಿಲ್ಲ. ಸಹಾಬಿಗಳ ಹೆಸರಿನ ಮುಂದಿನ 'ರ', ಹಿಂದಿನ ಪ್ರವಾದಿಗಳ ಹೆಸರಿನ ಮುಂದಿನ 'ಅ' ಕೂಡ ಹಾಗೆಯೇ. ಆದರೆ ಇದೇ ಬರಹ ವಿಶ್ವವಿದ್ಯಾನಿಲಯದ ಪ್ರಬಂಧವಾಗಿ ಇನ್ನೊಬ್ಬ ಕನ್ನಡ ಓದುಗನ ಕೈಗೆ ಹೋದರೆ, ಅವನು 'ಸ'ವನ್ನು ಸಂಪಾದಕ ಎಂದೋ ಸಂಪುಟ ಎಂದೋ ಓದಿಕೊಂಡರೆ ತಪ್ಪು ಅವನದಲ್ಲ. ಒಂದು ಸಮುದಾಯದೊಳಗೆ ತಾನಾಗಿ ಅರ್ಥವಾಗುವ ಸಂಕ್ಷೇಪ ಅದರ ಹೊಸ್ತಿಲು ದಾಟಿದ ಕೂಡಲೇ ವಿವರಣೆ ಬೇಡುತ್ತದೆ. ಹಲವು ಧರ್ಮಗ್ರಂಥಗಳನ್ನು ಒಟ್ಟಿಗಿಟ್ಟು ನೋಡುವ ತೌಲನಿಕ ಪ್ರಬಂಧಗಳಲ್ಲಿ ಸಂಕ್ಷೇಪಾಕ್ಷರಗಳ ಪಟ್ಟಿ ಬೇಕಾಗುವುದು ಇದಕ್ಕಾಗಿ. ಆದರೆ ನಮ್ಮಲ್ಲಿ ಈ ಪಟ್ಟಿಯನ್ನು ಪ್ರಬಂಧವೆಲ್ಲ ಮುಗಿದ ಮೇಲೆ, ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ ಸಿದ್ಧಪಡಿಸುವುದೇ ರೂಢಿಯಾಗಿದೆ.

ಇಂಗ್ಲಿಷ್ ಪ್ರಬಂಧಗಳ ಕ್ರಮವನ್ನು ಕನ್ನಡಕ್ಕೆ ನೇರವಾಗಿ ಇಳಿಸಲು ಬರುವುದಿಲ್ಲ. ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಶಬ್ದಮಣಿದರ್ಪಣಕ್ಕೆ ಮೂರೇ ರೋಮನ್ ಅಕ್ಷರಗಳು ಸಾಕಾದವು. ಆ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳಿರುವುದರಿಂದ ಗ್ರಂಥದ ಗುರುತು ಸುತ್ತಲಿನ ಮಾತಿನಿಂದ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಕನ್ನಡಕ್ಕೆ ಆ ಅನುಕೂಲವಿಲ್ಲ. 'ಮು' ಎಂದು ಬರೆದರೆ ಅದು ಸಹೀಹ್ ಮುಸ್ಲಿಮೋ, ಇಮಾಮ್ ಮಾಲಿಕರ ಮುವತ್ತಾವೋ, ಇಮಾಮ್ ಅಹ್ಮದರ ಮುಸ್ನದೋ, ಮುಂಡಕ ಉಪನಿಷತ್ತೋ? 'ಮುಸ್' ಎಂದು ಬೆಳೆಸಿದರೂ ಮುಸ್ಲಿಂ ಮತ್ತು ಮುಸ್ನದ್ ಬೇರೆಯಾಗುವುದಿಲ್ಲ.

ಇದಕ್ಕೊಂದು ಒಳ್ಳೆಯ ದಾರಿಯನ್ನು ಕನ್ನಡವೇ ಮಾಡಿಟ್ಟಿದೆ. 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ಆದಿಪುರಾಣ 'ಆದಿಪು' ಆಗಿದೆ, ಪಂಪಭಾರತ 'ಪಂಪಭಾ' ಆಗಿದೆ. ಮೊದಲ ಭಾಗ ಕೃತಿಯನ್ನು ಗುರುತಿಸುತ್ತದೆ, ಕೊನೆಯ ಅಕ್ಷರ ಅದು ಪುರಾಣವೋ ಭಾರತವೋ ಎಂದು ಹೇಳುತ್ತದೆ. ಪಟ್ಟಿಯನ್ನು ತೆರೆಯದವನೂ ಊಹಿಸಬಲ್ಲ. ಇದೇ ನಿಯಮವನ್ನು ಧರ್ಮಗ್ರಂಥಗಳಿಗೆ ಅನ್ವಯಿಸಿದರೆ ಉಪನಿಷತ್ತುಗಳೆಲ್ಲ 'ಉ'ದಿಂದ ಮುಗಿಯುತ್ತವೆ: ಮುಂಡಉ, ಕಠಉ, ಕೇನಉ. ಹದೀಸ್ ಸಂಗ್ರಹಗಳು 'ಹ'ದಿಂದ ಮುಗಿಯುತ್ತವೆ: ಬುಖಾಹ, ಮುಸ್ಲಿಹ, ತಿರ್ಮಿಹ. ಕನ್ನಡ ಕಣ್ಣಿಗೆ ಇವು ಮೊದಲು ವಿಚಿತ್ರವಾಗಿ ಕಾಣಬಹುದು; ಹತ್ತು ಪುಟ ಓದುವಷ್ಟರಲ್ಲಿ ರೂಢಿಯಾಗುತ್ತವೆ. ಇಡೀ ಪ್ರಬಂಧದಲ್ಲಿ ಒಂದೆರಡು ಸಲ ಮಾತ್ರ ಬರುವ ಗ್ರಂಥಕ್ಕೆ ಸಂಕ್ಷೇಪ ಮಾಡಬಾರದು. ಅದರ ಪೂರ್ಣ ಹೆಸರೇ ಇರಲಿ.

ಹೆಸರಿಗಿಂತ ದೊಡ್ಡ ತೊಡಕು ಸಂಖ್ಯೆಯದು. ಪೆರ್ಡೂರಿನಲ್ಲಿ ಕುಳಿತು ಪ್ರಬಂಧ ಬರೆಯುವ ವಿದ್ಯಾರ್ಥಿಯ ಮನೆಯಲ್ಲಿ ಕುರ್‌ಆನಿನ ಕನ್ನಡ ಅನುವಾದವೊಂದಿರುತ್ತದೆ, ಅಜ್ಜನ ಕಾಲದ ಉರ್ದು ಅನುವಾದವೂ ಇರಬಹುದು. ಉಡುಪಿಗೋ ಮಣಿಪಾಲಕ್ಕೋ ಹೋದಾಗ ಗ್ರಂಥಾಲಯದಲ್ಲಿ ಆರ್ಬರಿಯವರ 1955ರ ಇಂಗ್ಲಿಷ್ ಅನುವಾದ ಸಿಗುತ್ತದೆ. ಒಬ್ಬ ನಿರಪರಾಧಿಯನ್ನು ಕೊಂದವನು ಇಡೀ ಮನುಕುಲವನ್ನೇ ಕೊಂದಂತೆ ಎಂಬ ಅರ್ಥದ ಪ್ರಸಿದ್ಧ ವಾಕ್ಯವನ್ನು ಅವನು ಅಲ್ಲಿಂದ ಬರೆದುಕೊಂಡು 5:35 ಎಂದು ಗುರುತು ಹಾಕುತ್ತಾನೆ. ಆರ್ಬರಿ ಅನುಸರಿಸಿದ್ದು ಜರ್ಮನಿಯ ಫ್ಲೂಗೆಲ್ 1834ರಲ್ಲಿ ಅಚ್ಚುಮಾಡಿಸಿದ ಪ್ರತಿಯ ಎಣಿಕೆಯನ್ನು. 1924ರ ಕೈರೋ ಮುದ್ರಣದ ಎಣಿಕೆಯಲ್ಲಿ, ಅಂದರೆ ಇಂದು ಹೆಚ್ಚಿನ ಮುದ್ರಣಗಳಲ್ಲಿ ಕಾಣುವ ಎಣಿಕೆಯಲ್ಲಿ, ಆ ವಾಕ್ಯ ಇರುವುದು 5:32ರಲ್ಲಿ. ಪ್ರಬಂಧದ ಪರೀಕ್ಷಕ ತನ್ನ ಪ್ರತಿಯಲ್ಲಿ 5:35 ತೆರೆದರೆ ಅಲ್ಲಿ ಅಲ್ಲಾಹನ ಸಾಮೀಪ್ಯಕ್ಕೆ ದಾರಿ ಹುಡುಕಲು ಹೇಳುವ ಬೇರೆಯೇ ವಾಕ್ಯವಿದೆ. ವಾಕ್ಯ ಸುಳ್ಳಲ್ಲ, ವಿಳಾಸ ಮಾತ್ರ ತಪ್ಪು. ಆದರೆ ಸಂಶಯದಿಂದ ಓದುವವನಿಗೆ ಇಷ್ಟೇ ಸಾಕು. ಇಲ್ಲದ ಮಾತನ್ನು ಕುರ್‌ಆನಿನ ಮೇಲೆ ಹೇರಿದ್ದಾರೆಂದು ಅವನು ಹೇಳಿಬಿಡುತ್ತಾನೆ. ಹಾಗಾಗಿ ಪಟ್ಟಿಯಲ್ಲಿ 'ಕುರ್' ಎಂಬುದರ ಎದುರು ಗ್ರಂಥದ ಹೆಸರಷ್ಟೇ ಸಾಲದು. ಯಾವ ಎಣಿಕೆ, ಯಾರ ಅನುವಾದ ಎಂಬುದೂ ಬರಬೇಕು. ಬೇರೆ ಎಣಿಕೆಯ ಪುಸ್ತಕದಿಂದ ಎತ್ತಿಕೊಂಡ ವಾಕ್ಯವನ್ನು ಮೊದಲು ಈ ಎಣಿಕೆಗೆ ತಾಳೆ ನೋಡಿ ಆಮೇಲೆ ಬರೆದುಕೊಳ್ಳಬೇಕು.

ಸೂರಾಗಳ ಹೆಸರನ್ನು ನೆಚ್ಚಿಕೊಂಡರೂ ಕಷ್ಟವೇ. ನಮ್ಮ ಉರ್ದು ಅನುವಾದಗಳಲ್ಲಿ ಬನೀ ಇಸ್ರಾಯೀಲ್ ಎಂದಿರುವ 17ನೆಯ ಅಧ್ಯಾಯ ಅರಬ್ ದೇಶಗಳ ಮುದ್ರಣಗಳಲ್ಲಿ ಅಲ್ ಇಸ್ರಾ. ಇಲ್ಲಿನ ಅಲ್ ಮೂಮಿನ್ ಅಲ್ಲಿ ಗಾಫಿರ್. ಮೂಮಿನ್ 40ನೆಯದು, ಮೂಮಿನೂನ್ 23ನೆಯದು. ಸಂಕ್ಷೇಪಿಸಿದರೆ ಎರಡೂ ಒಂದೇ. ಹೆಸರು ಓದಿಗೆ ಇರಲಿ, ಗುರುತಿಗೆ ಅಂಕಿಯೇ ಇರಲಿ.

ಹದೀಸಿನಲ್ಲಿ ಅಂಕಿಯೂ ಕೈಕೊಡುತ್ತದೆ. ಕರ್ಮಗಳೆಲ್ಲ ನಿಯ್ಯತ್ತನ್ನು ಅವಲಂಬಿಸಿವೆ ಎಂಬ ಹದೀಸ್ ಸಹೀಹ್ ಮುಸ್ಲಿಮಿನಲ್ಲಿ ಫುಆದ್ ಅಬ್ದುಲ್ ಬಾಕಿಯವರ ಎಣಿಕೆಯಂತೆ 1907ನೆಯದು. ಅಬ್ದುಲ್ ಹಮೀದ್ ಸಿದ್ದೀಕಿಯವರ ಇಂಗ್ಲಿಷ್ ಅನುವಾದದಲ್ಲಿ ಅದೇ 4692ನೆಯದು. ಸಾಲದ್ದಕ್ಕೆ, 'ಮುಸ್ಲಿಂ 1907' ಎಂದು ಬರೆದರೆ ಇಸವಿಯೆಂದು ಓದಿಕೊಳ್ಳುವವರೇ ಹೆಚ್ಚು. ಆದ್ದರಿಂದ ಅಂಕಿಯ ಹಿಂದೆ ಅಧ್ಯಾಯದ ಹೆಸರಿರಬೇಕು: ಮುಸ್ಲಿಹ, ಕಿತಾಬುಲ್ ಇಮಾರಃ, 1907. ಎಣಿಕೆ ಬದಲಾದರೂ ಅಧ್ಯಾಯ ಹಿಡಿದು ಹುಡುಕಬಹುದು. ಪಟ್ಟಿಯಲ್ಲಿ ಅದರ ಎದುರು ಬರುವ ಸಾಲು ಇಷ್ಟು: ಸಹೀಹ್ ಮುಸ್ಲಿಂ, ಹದೀಸ್ ಸಂಗ್ರಹ, ಸಂಕಲನಕಾರರು ಮುಸ್ಲಿಂ ಇಬ್ನ್ ಹಜ್ಜಾಜ್, ಕ್ರಮಸಂಖ್ಯೆ ಅಬ್ದುಲ್ ಬಾಕಿಯವರದು.

ಇದು ಮುಸ್ಲಿಂ ಗ್ರಂಥಗಳಿಗೆ ಮಾತ್ರ ಬಂದ ಸಂಕಟವೆಂದು ತಿಳಿಯಬಾರದು. ಎ.ಕೆ. ರಾಮಾನುಜನ್ 1973ರಲ್ಲಿ ತಮ್ಮ ಅನುವಾದಗಳಲ್ಲಿ ಬಸವಣ್ಣನವರ ವಚನಗಳಿಗೆ ಕೊಟ್ಟ ಸಂಖ್ಯೆ ಬಸವನಾಳರ ಆವೃತ್ತಿಯದು. ಇಂದಿನ ಸಂಶೋಧಕರು ಬಳಸುವುದು ಕರ್ನಾಟಕ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ. 'ಬಸವಣ್ಣ, ವಚನ ಇಷ್ಟು' ಎಂದು ಮಾತ್ರ ಬರೆದರೆ ಯಾವ ಆವೃತ್ತಿಯ ಸಂಖ್ಯೆಯೆಂದು ತಿಳಿಯದು. 'ಸವಸಂ 1' ಎಂದು ಸಂಪುಟ ಸೇರಿಸಿ ಬರೆದರೆ ತಿಳಿಯುತ್ತದೆ.

ನನ್ನ ತಕರಾರು ಈ ತಾಂತ್ರಿಕ ಸಡಿಲಿಕೆಯ ಬಗ್ಗೆ ಮಾತ್ರವಲ್ಲ. ಉಪನಿಷತ್ತಿಗೆ ಅಧ್ಯಾಯ, ಖಂಡ, ಮಂತ್ರಗಳನ್ನು ಅಚ್ಚುಕಟ್ಟಾಗಿ ಕೊಡುವ ಕೈಯೇ ಮರುಪುಟದಲ್ಲಿ 'ಒಂದು ಹದೀಸಿನಲ್ಲಿ ಹೇಳಿದೆ' ಎಂದು ಸುಮ್ಮನಾಗುತ್ತದೆ. ನಮ್ಮವರು ಬರೆದಾಗ ಇದೇ ತಿರುಗಿಬೀಳುತ್ತದೆ. ಹದೀಸಿಗೆ ಗ್ರಂಥ, ಅಧ್ಯಾಯ, ಸಂಖ್ಯೆ, ಇನ್ನೊಬ್ಬರ ಗ್ರಂಥಕ್ಕೆ ಬರೀ 'ವೇದಗಳಲ್ಲಿ ಹೇಳಿದೆ'. ಹೋಲಿಸಲು ಹೊರಟವನು ಒಂದು ಪಕ್ಷಕ್ಕೆ ಮಾತ್ರ ವಿಳಾಸ ಕೊಟ್ಟರೆ ಹೋಲಿಕೆ ಅಲ್ಲಿಯೇ ಮುಗಿಯಿತು. ಓದುಗ ಒಂದನ್ನು ತೆರೆದು ಪರೀಕ್ಷಿಸಬಲ್ಲ, ಇನ್ನೊಂದನ್ನು ನಂಬಬೇಕು ಇಲ್ಲವೇ ಬಿಡಬೇಕು. ಸಂಕ್ಷೇಪಾಕ್ಷರಗಳ ಪಟ್ಟಿಯನ್ನು ಮೊದಲ ದಿನವೇ ತೆರೆದಿಟ್ಟರೆ ಈ ಓರೆ ಬೇಗ ಕಾಣುತ್ತದೆ. ಯಾವ ಪರಂಪರೆಯ ಸಾಲುಗಳು ತುಂಬಿವೆ, ಯಾವುದು ಖಾಲಿಯಿದೆ ಎಂಬುದನ್ನು ನೋಡಿದರೆ ಸಾಕು.

ಕೊನೆಯ ಪರೀಕ್ಷೆ ಎರಡು ಕಡೆಯಿಂದ ಆಗಬೇಕು. ಪಟ್ಟಿಯ ಒಂದೊಂದು ಸಂಕ್ಷೇಪವನ್ನೂ ಕಂಪ್ಯೂಟರಿನಲ್ಲಿ ಹುಡುಕಿ ಅದು ಪ್ರಬಂಧದೊಳಗೆ ಇದೆಯೇ ಎಂದು ನೋಡುವುದು ಒಂದು. ಅಡಿಟಿಪ್ಪಣಿಗಳನ್ನು ಸಾಲಾಗಿ ಓದುತ್ತ, ಅಲ್ಲಿನ ಪ್ರತಿಯೊಂದು ಗುರುತೂ ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಇನ್ನೊಂದು. 'ಅದೇ' ಎಂಬ ಪದವನ್ನು ಧರ್ಮಗ್ರಂಥಗಳಿಗೆ ಬಳಸದಿರುವುದು ಕ್ಷೇಮ. ನಡುವೆ ಹೊಸ ಟಿಪ್ಪಣಿಯೊಂದು ಸೇರಿದ ಕೂಡಲೇ ಗೀತೆಯ ಶ್ಲೋಕ ಕುರ್‌ಆನಿನದಾಗುತ್ತದೆ.

ಇನ್ನು ಪಟ್ಟಿಯ ಕ್ರಮ. ಧರ್ಮಧರ್ಮಗಳಾಗಿ ವಿಂಗಡಿಸಿದರೆ ಯಾವುದು ಮೊದಲು ಎಂಬ ಪ್ರಶ್ನೆ ಏಳುತ್ತದೆ, ಉತ್ತರ ಏನಿದ್ದರೂ ಒಬ್ಬರಿಗೆ ನೋವು. ಅಕಾರಾದಿಯಾಗಿ ಜೋಡಿಸಿದರೆ ಆ ಪ್ರಶ್ನೆಯೇ ಇಲ್ಲ. ಕನ್ನಡದ ಕಾಗುಣಿತ ತನ್ನಷ್ಟಕ್ಕೆ ಕಠಉ, ಕುರ್, ಕೇನಉ ಎಂದು ಇಡುತ್ತದೆ. ಎರಡು ಉಪನಿಷತ್ತುಗಳ ನಡುವೆ ಕುರ್‌ಆನ್ ತನ್ನ ಜಾಗದಲ್ಲಿ ಕೂರುತ್ತದೆ.