ಬಾಣದ ಬದಲು ವಿಭಕ್ತಿ

ಗಾಂಧಿಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಫೋನನ್ನು ಕ್ಯೂಆರ್ ಕೋಡಿಗೆ ಹಿಡಿಯುತ್ತೀರಿ. ನಾಲ್ಕೈದು ಕ್ಷಣದಲ್ಲಿ ಹೂವಮ್ಮನ ಡಬ್ಬಿ ‘ಐವತ್ತು ರೂಪಾಯಿ ಬಂದಿದೆ’ ಎಂದು ಕೂಗುತ್ತದೆ. ಅಷ್ಟರೊಳಗೆ ಒಳಗೊಳಗೇ ಏನೇನು ನಡೆಯಿತೆಂದು ತೋರಿಸುವ ನಕ್ಷೆ, 2016ರಲ್ಲಿ ಯುಪಿಐ ಬಂದಾಗಿನಿಂದ ಪಾಠದ ಪುಸ್ತಕಗಳಲ್ಲಿ ನಾನಾ ರೂಪದಲ್ಲಿ ಓಡಾಡುತ್ತಿದೆ. ಅಂಥದ್ದೊಂದಕ್ಕೆ ಕಣ್ಣು ಕಾಣದ ಓದುಗರಿಗಾಗಿ ವಿವರಣೆ ಬರೆಯುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂತು. ಚಿತ್ರವನ್ನು ಮಾತಿಗಿಳಿಸುವ ಹುಚ್ಚು ನನಗೆ ಹಳೆಯದು. ಆದರೂ ಈ ನಕ್ಷೆ ನನ್ನನ್ನು ಎರಡು ಸಲ ಕೆಡವಿತು.

ನಕ್ಷೆ ಹೀಗಿದೆ. ನಡುವೆ ದೊಡ್ಡದೊಂದು ಪೆಟ್ಟಿಗೆ, ಅದು ಎನ್‌ಪಿಸಿಐ, ಅಂದರೆ ಯುಪಿಐ ನಡೆಸುವ ಸಂಸ್ಥೆ. ನಾಲ್ಕು ಮೂಲೆಯಲ್ಲಿ ನಾಲ್ಕು ಪೆಟ್ಟಿಗೆ: ಕೊಡುವವರ ಆ್ಯಪ್, ಕೊಡುವವರ ಬ್ಯಾಂಕು, ಪಡೆಯುವವರ ಆ್ಯಪ್, ಪಡೆಯುವವರ ಬ್ಯಾಂಕು. ಅವುಗಳ ನಡುವೆ ಸಂಖ್ಯೆ ಹೊತ್ತ ಹತ್ತು ಬಾಣ, ಕೆಳಗೆ ಬೂದುಬಣ್ಣದ ಚುಕ್ಕಿಗೆರೆಯ ಬಾಣ ಇನ್ನೊಂದು.

ಮೊದಲ ಸಲ ನಾನು ಕಣ್ಣು ಹೋದಂತೆಲ್ಲ ಬರೆದೆ. ‘ಮೇಲೆ ಎಡಗಡೆ ನೀಲಿ ಪೆಟ್ಟಿಗೆ, ಅದರಿಂದ ಬಲಕ್ಕೆ ಹೋಗುವ ಬಾಣ...’ ಹೀಗೆ ಎರಡು ಪುಟ. ಚಾಮರಾಜಪೇಟೆಯ ನನ್ನ ಗೆಳೆಯನಿಗೆ ಅದನ್ನು ಕಳಿಸಿದೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಕಂಪ್ಯೂಟರಿನ ಸ್ಕ್ರೀನ್ ರೀಡರ್ ಓದಿಸಿ ಕೇಳುತ್ತಾನೆ. ಪೂರ್ತಿ ಕೇಳಿ ಫೋನ್ ಮಾಡಿದ. ‘ಅಲ್ಲಯ್ಯ, ಪೆಟ್ಟಿಗೆ ಬಣ್ಣ ಎಲ್ಲ ತಿಳೀತು. ನನ್ನ ಬ್ಯಾಂಕು ಹೂವಮ್ಮನ ಬ್ಯಾಂಕಿನ ಜೊತೆ ನೇರ ಮಾತಾಡುತ್ತೋ ಇಲ್ಲವೋ?’

ಕಣ್ಣಿರುವವರು ಆ ನಕ್ಷೆ ನೋಡಿದ ಕೂಡಲೇ ತಿಳಿಯುವ ಮೊದಲ ಸಂಗತಿಯೇ ಅದು: ಎರಡು ಬ್ಯಾಂಕುಗಳ ನಡುವೆ ಗೆರೆಯೇ ಇಲ್ಲ. ಇದ್ದ ಗೆರೆಗಳನ್ನೆಲ್ಲ ನಾನು ನಿಷ್ಠೆಯಿಂದ ಹೇಳಿದ್ದೆ. ಇಲ್ಲದ ಗೆರೆಯನ್ನು ಹೇಳಿರಲಿಲ್ಲ. ಕೇಳುವವನಿಗೆ ಖಾಲಿ ಜಾಗ ತಾನಾಗಿ ಕಾಣುವುದಿಲ್ಲ, ಅದನ್ನು ಹೇಳಿಯೇ ತೀರಬೇಕು.

ಎರಡನೆಯ ಸಲ ಬಾಣಗಳನ್ನು ಬರೆಯುವ ಮೊದಲು ಎಣಿಸಿದೆ. ಹತ್ತಕ್ಕೆ ಹತ್ತೂ ಒಂದು ತುದಿಯಲ್ಲಿ ಎನ್‌ಪಿಸಿಐಯನ್ನು ಮುಟ್ಟುತ್ತವೆ. ಇನ್ನೂ ನೋಡಿದರೆ, ಅವು ಹತ್ತು ಬಿಡಿ ಬಾಣಗಳಲ್ಲ, ಐದು ಪ್ರಶ್ನೋತ್ತರ. ಒಂದನೆಯದು ಕೊಡುವವರ ಆ್ಯಪಿನ ಕೋರಿಕೆ, ಹತ್ತನೆಯದು ಅದಕ್ಕೆ ಉತ್ತರ. ನಡುವಿನ ಎಂಟರಲ್ಲಿ ನಾಲ್ಕು ಜೋಡಿ: ಇದು ಯಾರ ಖಾತೆ ಎಂದು ಪಡೆಯುವವರ ಆ್ಯಪನ್ನು ಕೇಳುವುದು, ಖಾತೆಯಿಂದ ಕಳೆಯಲು ಕೊಡುವವರ ಬ್ಯಾಂಕಿಗೆ ಹೇಳುವುದು, ಜಮೆ ಮಾಡಲು ಪಡೆಯುವವರ ಬ್ಯಾಂಕಿಗೆ ಹೇಳುವುದು, ಆಯಿತೆಂದು ಪಡೆಯುವವರ ಆ್ಯಪಿಗೆ ತಿಳಿಸುವುದು. ಪಂಚತಂತ್ರದಲ್ಲಿ ಒಂದು ಕಥೆಯ ಹೊಟ್ಟೆಯೊಳಗೆ ಇನ್ನಷ್ಟು ಕಥೆ ಇರುವ ಹಾಗೆ. ಇದು ಸಿಕ್ಕ ಮೇಲೆ ಕೇಳುವವನು ನೆನಪಿಡಬೇಕಾದದ್ದು ಹತ್ತಲ್ಲ, ನಾಲ್ಕೇ.

ಇನ್ನು ಬರವಣಿಗೆ. ಚಿತ್ರದ `alt` ಎಂಬಲ್ಲಿ ಹಾಕುವ ಚಿಕ್ಕ ಮಾತನ್ನು ಸ್ಕ್ರೀನ್ ರೀಡರ್ ಒಂದೇ ಉಸಿರಿಗೆ ಓದಿಬಿಡುತ್ತದೆ. ಅದರೊಳಗೆ ಶೀರ್ಷಿಕೆ, ಪಟ್ಟಿ ಯಾವುದೂ ಇರಲಾಗದು, ಬೇಕಾದ ಸಾಲಿಗೆ ಹಾರಲಾಗದು. ಆದ್ದರಿಂದ ಅಲ್ಲಿ ಒಂದೇ ಸಂಗತಿ ಸಾಕು. ನಾನು ಬರೆದದ್ದು: ‘ಯುಪಿಐ ಪಾವತಿಯ ನಕ್ಷೆ. ಎರಡು ಆ್ಯಪ್, ಎರಡು ಬ್ಯಾಂಕುಗಳ ಎಲ್ಲ ಸಂದೇಶವೂ ನಡುವಿನ ಎನ್‌ಪಿಸಿಐ ಮೂಲಕವೇ ಹಾಯುತ್ತದೆ. ಪೂರ್ಣ ವಿವರಣೆ ಕೆಳಗಿದೆ.’ ‘ಇದೊಂದು ಚಿತ್ರ’ ಎಂದು ಶುರುಮಾಡಬೇಕಿಲ್ಲ, ಅದನ್ನು ಯಂತ್ರವೇ ಹೇಳುತ್ತದೆ. ದೀರ್ಘ ವಿವರಣೆಗೆಂದು ಹಿಂದೆ `longdesc` ಎಂಬುದೊಂದಿತ್ತು, ಅದು ಬಳಕೆ ತಪ್ಪಿತು. ಈಗ ಚಿತ್ರದ ಕೆಳಗೇ ಎಲ್ಲರಿಗೂ ಕಾಣುವ ಸಾಮಾನ್ಯ ಬರಹವಾಗಿ ಇಡುವುದೇ ಮೇಲು. ಕಣ್ಣಿರುವವರೂ ಓದಿಕೊಳ್ಳುತ್ತಾರೆ, ಹಾನಿಯಿಲ್ಲ.

ಆ ದೀರ್ಘ ವಿವರಣೆಯಲ್ಲಿ ಬಾಣದ ಗುರುತು ಹಾಕಬಾರದು. ಸ್ಕ್ರೀನ್ ರೀಡರಿನ ಸೆಟ್ಟಿಂಗ್ ನೋಡಿಕೊಂಡು ಒಬ್ಬರಿಗೆ ಅದು ಕೇಳಿಸುತ್ತದೆ, ಇನ್ನೊಬ್ಬರಿಗೆ ಕೇಳಿಸದೆಯೇ ಹೋಗುತ್ತದೆ. ಕನ್ನಡದವರಿಗೆ ಅದರ ಹಂಗೂ ಇಲ್ಲ, ನಮಗೆ ವಿಭಕ್ತಿ ಇದೆ. ಬಾಣದ ಬುಡ ಪ್ರಥಮಾ, ಮೊನೆ ಚತುರ್ಥಿ, ಬಾಣದ ಮೇಲೆ ಬರೆದದ್ದು ದ್ವಿತೀಯಾ. ‘ಎನ್‌ಪಿಸಿಐ ಕೊಡುವವರ ಬ್ಯಾಂಕಿಗೆ ಹಣ ಕಳೆಯುವ ಕೋರಿಕೆಯನ್ನು ಕಳಿಸುತ್ತದೆ.’ ಹತ್ತೂ ವಾಕ್ಯ ಇದೇ ಅಚ್ಚಿನಲ್ಲಿ. ಪ್ರಬಂಧದಲ್ಲಾದರೆ ಬೇಸರ, ಇಲ್ಲಿ ಅದೇ ಅನುಕೂಲ: ಕಿವಿ ಎಲ್ಲಿ ಏನು ಬರುತ್ತದೆಂದು ಕಾದು ಕೂತಿರುತ್ತದೆ. ‘ಅದು’, ‘ಇದು’, ‘ಆ ಬ್ಯಾಂಕು’ ಎಂಬವನ್ನೆಲ್ಲ ತೆಗೆದು ಪ್ರತಿ ಸಲವೂ ಪೂರ್ತಿ ಹೆಸರು ಹಾಕಿದೆ. ಬಣ್ಣ, ಎಡ–ಬಲಗಳನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಉಳಿಸಿಕೊಂಡೆ, ಏಕೆಂದರೆ ತರಗತಿಯಲ್ಲಿ ಮೇಷ್ಟ್ರು ‘ಆ ನೀಲಿ ಪೆಟ್ಟಿಗೆ’ ಎಂದಾಗ ಕಾಣದ ಹುಡುಗನಿಗೂ ಅದು ಯಾವುದೆಂದು ಗೊತ್ತಿರಬೇಕು.

ಈ ಎರಡನೆಯ ಬರಹ ಕೇಳಿ ಗೆಳೆಯ ಮತ್ತೆ ತಪ್ಪು ಹಿಡಿದ. ‘ಐದನೇ ಹೆಜ್ಜೆಯಲ್ಲಿ ಕೊಡುವವರ ಬ್ಯಾಂಕು ಹಣವನ್ನು ಎನ್‌ಪಿಸಿಐಗೆ ಕಳಿಸುತ್ತೆ ಅಂತ ಬರೆದಿದೀಯ. ಹಣ ಎಲ್ಲಿ ಹೋಗುತ್ತಯ್ಯ? ಹೋಗೋದು ಸಂದೇಶ. ಬ್ಯಾಂಕು ಬ್ಯಾಂಕಿನ ಲೆಕ್ಕ ಆಮೇಲೆ ಒಟ್ಟಿಗೆ ತೀರುತ್ತೆ, ನಮ್ಮ ಕಾಲದ ಚೆಕ್ ಕ್ಲಿಯರಿಂಗ್ ಇದ್ದ ಹಾಗೆ.’ ನಕ್ಷೆಯ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ‘ಬಾಣಗಳು ಸಂದೇಶಗಳು’ ಎಂದಿತ್ತು. ಕಣ್ಣಿದ್ದೂ ನಾನು ಓದಿರಲಿಲ್ಲ. ಅದೀಗ ವಿವರಣೆಯ ಎರಡನೆಯ ವಾಕ್ಯ.

ಆಮೇಲೆ ಅವನು ಕೇಳಿದ್ದು: ‘ನನ್ನ ಖಾತೆಯಲ್ಲಿ ಕಟ್ ಆಯ್ತು, ಅವಳ ಬ್ಯಾಂಕು ಜಮೆ ಆಗಲಿಲ್ಲ ಅಂತು. ಆಗ?’ ಉತ್ತರ ಆ ಬೂದು ಚುಕ್ಕಿಗೆರೆಯಲ್ಲಿತ್ತು. ಮಂಕಾಗಿ ಎಳೆದಿದ್ದರಿಂದ ಅಮುಖ್ಯವೆಂದು ನಾನು ಬಿಟ್ಟೇಬಿಟ್ಟಿದ್ದೆ. ಜಮೆ ವಿಫಲವಾದರೆ ಎನ್‌ಪಿಸಿಐ ಕೊಡುವವರ ಬ್ಯಾಂಕಿಗೆ ಹಣ ಮರಳಿಸುವ ಸಂದೇಶವನ್ನು ಕಳಿಸುತ್ತದೆ. ಅದಕ್ಕೆ ‘ಜಮೆ ಆಗದಿದ್ದರೆ’ ಎಂಬ ಬೇರೆ ಶೀರ್ಷಿಕೆಯನ್ನೇ ಕೊಟ್ಟೆ. ಇಂಥ ಹಣ ಎಷ್ಟು ದಿನದೊಳಗೆ ಮರಳಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮವನ್ನೂ ಸೇರಿಸುವ ಆಸೆಯಾಯಿತು, ಬರೆದೂ ಬರೆದೆ, ಆಮೇಲೆ ಹೊಡೆದುಹಾಕಿದೆ. ನಕ್ಷೆಯಲ್ಲಿ ಅದಿಲ್ಲ. ನೋಡುವವನಿಗೆ ಸಿಗದ್ದನ್ನು ಕೇಳುವವನಿಗೆ ತುರುಕುವುದು ವಿವರಣೆಯಲ್ಲ, ಉಪನ್ಯಾಸ.

ಎರಡು ಪುಟ ಈಗ ಮುಕ್ಕಾಲು ಪುಟ. ಗೆಳೆಯ ಒಂದು ಸಲ ಕೇಳಿ, ನಾಲ್ಕೂ ಜೋಡಿಯನ್ನು ಕ್ರಮವಾಗಿ ಫೋನಿನಲ್ಲೇ ಒಪ್ಪಿಸಿದ.

ಪಾಠವನ್ನು ಪ್ರಕಟಿಸಿದವರು ಮಾತ್ರ `alt=""` ಎಂದು ಖಾಲಿ ಬಿಟ್ಟಿದ್ದರು. ಹಾಗೆ ಬಿಟ್ಟರೆ, ಇದು ಬರೀ ಅಲಂಕಾರ, ದಾಟಿ ಹೋಗು ಎಂದು ಸ್ಕ್ರೀನ್ ರೀಡರಿಗೆ ಹೇಳಿದ ಹಾಗೆ. ಗೆಳೆಯನಿಗೆ ಕೆಳಗಿನ ವಿವರಣೆ ಸಿಕ್ಕಿತು, ಆದರೆ ಅದರ ಮೇಲೆ ನಕ್ಷೆಯೊಂದಿದೆ ಎಂಬುದೇ ತಿಳಿಯಲಿಲ್ಲ. ಬರೆದುಕೊಡುವವರು ಪ್ರಕಟವಾದ ಮೇಲೂ ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ.